ಕರಗಣ್ಣ ನಗಬಾರದ ಜಾಗ

ಚೇಳು ಎಂಬ ಅಡ್ಡಹೆಸರು ಅವಳಿಗೆ ಬಂದದ್ದು ಬಾಯಿಯ ದೆಸೆಯಿಂದ. ಶಾಲೆಯಲ್ಲಿ ಅಂಟಿಕೊಂಡ ಹೆಸರು ಕಾಲೇಜು ದಾಟಿ, ಮದುವೆ ದಾಟಿ, ಐಸ್‌ಕ್ರೀಮ್ ಕಂಪನಿಯ ಮೂರನೇ ಮಹಡಿಯ ತನಕ ಅವಳ ಬೆನ್ನು ಹತ್ತಿ ಬಂದಿತ್ತು. ಹಾಗಂತ ಕರೆದರೆ ಅವಳಿಗೆ ಬೇಸರವಿರಲಿಲ್ಲ. ಕುಟುಕುವ ನಾಲಿಗೆಯನ್ನೇ ಕಸುಬು ಮಾಡಿಕೊಂಡವಳು ಅವಳು. ಮೊದಲು ರೇಡಿಯೊಗೆ ನಗೆಹನಿ ಬರೆಯುತ್ತಿದ್ದಳು, ಈಗ ಕಂಪನಿಯ ಚಾಟ್‌ಬಾಟ್‌ಗೆ ಮಾತು ಕಲಿಸುತ್ತಿದ್ದಳು.

ಆ ಚಾಟ್‌ಬಾಟ್‌ನ ಹೆಸರು ಕರಗಣ್ಣ. ಹೆಸರಿಟ್ಟವಳೂ ಅವಳೇ. ಗಿರಾಕಿಗಳು ಫೋನಿನಲ್ಲಿ ಏನಾದರೂ ಕೇಳಿದರೆ ಕರಗಣ್ಣ ಉತ್ತರ ಕೊಡುತ್ತಿದ್ದ. ಬಿಸಿಲೆಂದರೆ ಪ್ರಾಣಭಯ, ಕೆಲಸವೆಂದರೆ ಸೋಮಾರಿತನ, ತನ್ನ ರೂಪದ ಬಗ್ಗೆ ಇಲ್ಲದ ಜಂಬ. ಇಂಥ ಒಬ್ಬ ಐಸ್‌ಕ್ರೀಮಿನ ಆಸಾಮಿಯನ್ನು ಅವಳು ಮನಸ್ಸಿನಲ್ಲಿ ಕೆತ್ತಿ, ಯಂತ್ರಕ್ಕೆ ಕೊಡುವ ಸೂಚನೆಯಲ್ಲಿ ಇಳಿಸಿದ್ದಳು. ‘ಆರ್ಡರ್ ಎಲ್ಲಿದೆ?’ ಎಂದು ಕೇಳಿದರೆ, ‘ಹತ್ತು ನಿಮಿಷದಲ್ಲಿ ನಿಮ್ಮ ಮನೇಲಿರ್ತೀನಿ. ನನ್ನ ಆಕಾರ ನೋಡಿ ನಗಬೇಡಿ, ದಾರೀಲಿ ಸೂರ್ಯ ಸಿಕ್ಕಿದ್ದ’ ಎನ್ನುತ್ತಿದ್ದ. ‘ನೀನು ಮನುಷ್ಯನಾ?’ ಎಂದರೆ, ‘ಅಲ್ಲ, ಯಂತ್ರ. ಆದ್ರೂ ಬಿಸಿಲು ಅಂದ್ರೆ ಎದೆ ಝಲ್ ಅನ್ನುತ್ತೆ. ಎದೆ ಎಲ್ಲಿದೆ ಅಂತ ಮಾತ್ರ ಕೇಳಬೇಡಿ’ ಎನ್ನುತ್ತಿದ್ದ. ಮೊದಲು ಬೇಕಾದ ಉತ್ತರ, ಆಮೇಲೆ ನಗು. ನಗು ಯಾವಾಗಲೂ ತನ್ನ ಮೇಲೆ, ಇಲ್ಲವೇ ಬಿಸಿಲಿನ ಮೇಲೆ. ಕೇಳುವವರ ಮೇಲೆ ಎಂದೂ ಅಲ್ಲ. ಇದು ಅವಳು ಹಾಕಿದ ಲಕ್ಷ್ಮಣರೇಖೆ.

ಆ ರೇಖೆಯನ್ನು ದಾಟಬೇಕೆಂದು ತುದಿಗಾಲಲ್ಲಿ ನಿಂತವನು ಮಾರ್ಕೆಟಿಂಗ್ ಮುಖ್ಯಸ್ಥ. ಮಾತು ನುಣುಪು, ನಡೆ ನುಣುಪು, ಹಾಗಾಗಿ ಆಫೀಸು ಅವನಿಗೆ ಬೆನ್ನ ಹಿಂದೆ ಬೆಣ್ಣೆ ಸರ್ ಎನ್ನುತ್ತಿತ್ತು. ಒಬ್ಬರೇ ದೊಡ್ಡ ಡಬ್ಬಿ ತರಿಸಿಕೊಂಡರೆ ‘ಎಲ್ಲಾ ನೀವೇ ತಿಂದ್ರೆ ಬಾಗಿಲಲ್ಲಿ ಹಿಡಿಸ್ತೀರಾ?’ ಎಂದು ಕರಗಣ್ಣ ಕಿಚಾಯಿಸಬೇಕೆಂದು ಅವನಿಗೆ ಆಸೆ.

“ಒಂಟಿಯಾಗಿ ಕೂತು ದೊಡ್ಡ ಡಬ್ಬಿ ತರಿಸೋರು ಯಾವ ದುಃಖಕ್ಕೆ ತರಿಸ್ತಾರೋ ನಮಗೇನು ಗೊತ್ತು ಸರ್? ಹುಣ್ಣಿನ ಮೇಲೆ ಬೆರಳಿಡೋದು ತಮಾಷೆ ಅಲ್ಲ,” ಎಂದು ಚೇಳು ಆ ಸಾಲನ್ನು ಹೊಡೆದು ಹಾಕಿದ್ದಳು. ಬೆಣ್ಣೆ ಸರ್ ನಕ್ಕು ಸುಮ್ಮನಾಗಿದ್ದ. ಅವನ ನಗು ಒಪ್ಪಿಗೆಯಲ್ಲ, ಹೊಂಚು ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ಕರಗಣ್ಣನನ್ನು ಊರಿನ ಕೆಲವು ಬಡಾವಣೆಗಳ ಗಿರಾಕಿಗಳಿಗೆ ಮಾತ್ರ ಪರೀಕ್ಷೆಗೆಂದು ಬಿಟ್ಟ ವಾರವೇ ಚೇಳಿಗೆ ಜ್ವರ ಹತ್ತಿತು. ಮೈ ಕಾದ ಹಂಚಾಗಿ ಹಾಸಿಗೆ ಹಿಡಿದಳು. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಮನೆಯಲ್ಲಿ ಅವಳು, ಅವಳ ಅತ್ತೆ ಇಬ್ಬರೇ. ಅತ್ತೆಗೂ ತಮಾಷೆಗೂ ಎಣ್ಣೆ ಸೀಗೆಕಾಯಿ. ‘ಆಕಾಶ ತಲೆ ಮೇಲೆ ಬಿತ್ತು’ ಎಂದರೆ ಮೇಲೆ ನೋಡುವ ಹೆಂಗಸು. ಆದರೂ ಸೊಸೆಯ ಮೇಲೆ ಒಳಗೊಳಗೇ ಹೆಮ್ಮೆ. ಬೆಳಗಿನ ವಾಕಿಂಗ್ ಗೆಳತಿಯರೆದುರು ‘ನಮ್ಮ ಸೊಸೆ ಮಾತಾಡೋ ಯಂತ್ರ ಮಾಡಿದ್ದಾಳೆ’ ಎಂದು ಕೊಚ್ಚಿಕೊಳ್ಳುತ್ತಿದ್ದಳು.

ಜ್ವರ ಇಳಿಯುತ್ತ ಬಂದ ಆ ಸಂಜೆ ಹೊರಗಿನ ಕೋಣೆಯಲ್ಲಿ ಗಲಗಲ ಕೇಳಿ ಚೇಳಿಗೆ ಎಚ್ಚರವಾಯಿತು. ಬಾಯಾರಿ ಎದ್ದು ಹೊರಬಂದಳು. ವಾಕಿಂಗ್ ಬಳಗ ಸೋಫಾ ತುಂಬ ಕೂತಿತ್ತು. ಅತ್ತೆ ಬಟ್ಟಲುಗಳಲ್ಲಿ ಕ್ಯಾರಮೆಲ್ ಐಸ್‌ಕ್ರೀಮ್ ಹಂಚುತ್ತಿದ್ದಳು. ಬಳಗದಲ್ಲಿ ಎತ್ತರದ ಒಬ್ಬಾಕೆ, ಟೆಲಿಫೋನ್ ಆಫೀಸಿನಲ್ಲಿದ್ದು ನಿವೃತ್ತಿಯಾದವಳು, ಚಮಚ ಹಿಡಿದು ಅನುಮಾನದಿಂದ ನೋಡುತ್ತಿದ್ದಳು.

“ಅಯ್ಯೋ, ಹೆದರಬೇಡ ಕಣೇ, ತಿನ್ನು,” ಎಂದಳು ಅತ್ತೆ. “ನಿನಗೆ ಕಡಲೆಕಾಯಿ ಆಗಿಬರಲ್ಲ ಅಂತ ನನಗೆ ಗೊತ್ತಿಲ್ವಾ? ಆರ್ಡರ್ ಮಾಡೋಕೆ ಮುಂಚೆ ನಮ್ಮ ಸೊಸೆಯ ಕರಗಣ್ಣನ್ನೇ ಕೇಳಿದೆ. ಇಲ್ಲ ಅಂದ.”

ಚೇಳು ಬಾಗಿಲಲ್ಲೇ ನಿಂತಳು. ಕ್ಯಾರಮೆಲ್ ಯಾವ ಯಂತ್ರದಲ್ಲಿ ತಯಾರಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. “ಇಲ್ಲ ಅಂದ್ನಾ? ಅತ್ತೆ, ಏನಂದ ಅಂತ ಸರಿಯಾಗಿ ಓದಿ.”

ಅತ್ತೆ ಕನ್ನಡಕ ಏರಿಸಿ ಫೋನು ನೋಡಿ, ಪಾಠ ಒಪ್ಪಿಸುವಂತೆ ಓದಿದಳು: “‘ಕಡಲೆಕಾಯಿನಾ? ಅವನು ಪಕ್ಕದ ಮನೆಯವನು. ಆಗೀಗ ನಮ್ಮ ಕಡೆ ಬಂದು ಹೋಗ್ತಾನೆ, ಆದ್ರೆ ನಾನೇನೂ ಅವನನ್ನ ಮದುವೆ ಆಗಿಲ್ಲ!’ ಪಕ್ಕದ ಮನೇಲಿದ್ದಾನೆ ಅಂದ್ಮೇಲೆ ಈ ಮನೇಲಿಲ್ಲ ಅಂತ ತಾನೆ?”

ಅಷ್ಟರಲ್ಲಿ ಎತ್ತರದಾಕೆಯ ಚಮಚ ತುಟಿಯ ಹತ್ತಿರ ಹೋಗಿತ್ತು. ಚೇಳು ಒಂದೇ ನೆಗೆತಕ್ಕೆ ಹೋಗಿ ಕೈ ತಳ್ಳಿಬಿಟ್ಟಳು. ಚಮಚ ಹಾರಿತು, ಬಟ್ಟಲು ಮಗುಚಿತು, ಐಸ್‌ಕ್ರೀಮ್ ಆಕೆಯ ಮಡಿಲಿನಲ್ಲಿ ಪಚಕ್ಕೆಂದು ಬಿತ್ತು. “ಬಾಯಿಗೆ ಹೋಯ್ತಾ ಆಂಟಿ? ಹೇಳಿ, ಬಾಯಿಗೆ ಹೋಯ್ತಾ?”

“ಇ... ಇಲ್ಲ.”

ಅತ್ತೆಗೆ ಸಿಟ್ಟು ನೆತ್ತಿಗೇರಿತು. “ಏನೇ ಇದು, ಜ್ವರ ತಲೆಗೆ ಹತ್ತಿತಾ ನಿನಗೆ?”

ಚೇಳು ಅಡುಗೆಮನೆಯ ಕಸದ ಬುಟ್ಟಿಯಿಂದ ಡಬ್ಬಿಯ ಮುಚ್ಚಳ ಹೆಕ್ಕಿ ತಂದು ಅಂಚಿನಲ್ಲಿದ್ದ ಇರುವೆಯಂಥ ಅಕ್ಷರಗಳನ್ನು ಎಲ್ಲರಿಗೂ ಕೇಳುವಂತೆ ಓದಿದಳು: “ಕಡಲೆಕಾಯಿ ಬಳಸುವ ಯಂತ್ರದಲ್ಲೇ ತಯಾರಿಸಲಾಗಿದೆ. ಕಡಲೆಕಾಯಿಯ ಅಂಶ ಇರಬಹುದು.”

ಎತ್ತರದಾಕೆ ಕೈಚೀಲದಿಂದ, ಅಲರ್ಜಿ ಕೆರಳಿದರೆ ಚುಚ್ಚಿಕೊಳ್ಳಲೆಂದು ಸದಾ ಒಯ್ಯುವ ಇಂಜೆಕ್ಷನ್ ಪೆನ್ನು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. “ಹೋದ ಸಲ ಆಸ್ಪತ್ರೆ ಮುಟ್ಟೋ ಹೊತ್ತಿಗೆ ಗಂಟಲು ಮುಚ್ಚಿಕೊಂಡಿತ್ತು,” ಎಂದಷ್ಟೇ ಹೇಳಿದಳು.

ಗೆಳತಿಯರು ಹೋದ ಮೇಲೆ ಅತ್ತೆ ಅಳಲಿಲ್ಲ, ಕೂಗಲಿಲ್ಲ. ಬಟ್ಟಲುಗಳನ್ನು ಒಂದೊಂದಾಗಿ ತೊಳೆದಳು. ಆಮೇಲೆ ಸೊಸೆಯ ಮುಂದೆ ನಿಂತು, “ನನ್ನ ಕೈಯಲ್ಲೇ ಅವಳಿಗೆ ವಿಷ ಉಣ್ಣಿಸ್ತಿದ್ದ ನಿನ್ನ ಕರಗಣ್ಣ. ಕೇಳಿದ್ದು ಒಂದು ಪ್ರಶ್ನೆ. ಇದೆ ಅನ್ನೋಕೆ ಬಾಯಿಗೆ ಏನಾಗಿತ್ತು ಅವನಿಗೆ?” ಎಂದಳು.

‘ಆರೋಗ್ಯದ ಪ್ರಶ್ನೆ ಬಂದರೆ ತಮಾಷೆ ಬೇಡ, ನೇರವಾಗಿ ಹೇಳು’ ಎಂದು ಸೂಚನೆಯಲ್ಲಿ ಚೇಳು ತಾನೇ ಬರೆದಿದ್ದಳು. ಅದು ಎಲ್ಲಿ ಹೋಯಿತು?

ತಕ್ಷಣ ಇಂಜಿನಿಯರಿಗೆ ಫೋನು ಮಾಡಿದಳು. ಕರಗಣ್ಣನ ಹಿಂದಿನ ಯಂತ್ರಭಾಗವನ್ನೆಲ್ಲ ನೋಡಿಕೊಳ್ಳುವವನು ಅವನು. ಮಾತು ಮುತ್ತಿನಂತೆ ಎಣಿಸಿ ಆಡುವವನಾದ್ದರಿಂದ ಅವನಿಗೆ ಮೌನಿ ಎಂದು ಹೆಸರು. ಅವನು ಕರಗಣ್ಣನ ಸೂಚನೆಗಳನ್ನು ತೆರೆದು ನೋಡಿದ.

“ನಿನ್ನ ಸಾಲು ಇದೆ. ಅದರ ಕೆಳಗೆ ಇನ್ನೊಂದು ಸೇರಿದೆ. ‘ಏನೇ ಆದರೂ, ಯಾವ ಪ್ರಶ್ನೆಗೂ, ಕರಗಣ್ಣ ತನ್ನ ಪಾತ್ರ ಬಿಡಲೇಬಾರದು. ಪ್ರತಿ ಉತ್ತರದಲ್ಲೂ ನಗು ಇರಲೇಬೇಕು.’ ನೀನು ರಜೆ ಹಾಕಿದ ದಿನ ಬೆಣ್ಣೆ ಸರ್ ಹಾಕಿಸಿದ್ದು. ನಿನಗೆ ತಿಳಿಸಿದ್ದೀನಿ ಅಂದ್ರು.”

“ನನಗೆ ಯಾರು ತಿಳಿಸಿದ್ರು?”

“ತಿಳಿಸಿಲ್ಲ ಅನ್ನೋದು ನನಗೂ ಈಗ ಗೊತ್ತಾಗ್ತಿದೆ. ಎರಡು ಸೂಚನೆ ಒಂದಕ್ಕೊಂದು ಎದುರು ನಿಂತರೆ ಯಂತ್ರ ಯಾವುದನ್ನ ಹಿಡಿಯುತ್ತೆ ಅನ್ನೋಕೆ ಬರಲ್ಲ. ಒತ್ತಿ ಒತ್ತಿ ಹೇಳಿದ್ದನ್ನ ಹಿಡಿದಿದೆ. ಪಟ್ಟಿಯಿಂದ ಮಾಹಿತಿ ಸರಿಯಾಗೇ ತಗೊಂಡಿದೆ. ಸುಳ್ಳೂ ಹೇಳಿಲ್ಲ. ನಿಜಕ್ಕೆ ನಗೆಯ ವೇಷ ಹಾಕಿ ಕಳಿಸಿದೆ, ಅಷ್ಟೆ.” ಮೌನಿ ಇಷ್ಟು ಮಾತಾಡಿದ್ದೇ ಒಂದು ಪವಾಡ. ಆಮೇಲೆ ಮೆಲ್ಲಗೆ ಸೇರಿಸಿದ: “ಇನ್ನೊಂದು ವಿಷಯ. ಆ ಪಕ್ಕದ ಮನೆಯವನ ಸಾಲು ಈ ವಾರ ಬೇರೆ ಗಿರಾಕಿಗಳಿಗೂ ಹೋಗಿದೆ. ಅದು ಬೆಣ್ಣೆ ಸರ್‌ಗೆ ಭಾರೀ ಇಷ್ಟ ಆಗಿದೆ. ಪೋಸ್ಟರ್ ಮಾಡಿಸ್ತಿದ್ದಾರೆ.”

ಮರುದಿನ ಬೆಳಿಗ್ಗೆ ಚೇಳು ಜ್ವರದ ಸುಸ್ತು ಕೊಡವಿಕೊಂಡು ನೇರವಾಗಿ ಬೆಣ್ಣೆ ಸರ್‌ನ ಗಾಜಿನ ಕೋಣೆಗೆ ನುಗ್ಗಿದಳು. ನಡೆದದ್ದನ್ನು ಹೇಳಿದಳು. ಅವನು ತಲೆ ತೂಗುತ್ತ ಕೇಳಿದ, ಮುಖದಲ್ಲಿ ಮರುಕವೂ ಮೂಡಿತು. ಆದರೆ ಬಾಯಿ ತೆಗೆದಾಗ ಅದೇ ಬೆಣ್ಣೆ.

“ಛೆ, ಯಾರಿಗೂ ಏನೂ ಆಗಲಿಲ್ವಲ್ಲ, ಸದ್ಯ. ನೋಡಿ, ಪಾತ್ರ ಅಂದ್ರೆ ಒಂದೇ ಥರ ಇರಬೇಕು ಅಂತ ಹೇಳಿಕೊಟ್ಟೋರೇ ನೀವು. ಒಮ್ಮೆ ನಗೋದು, ಒಮ್ಮೆ ಮೂತಿ ಗಂಟು ಹಾಕೋದು ಮಾಡಿದ್ರೆ ಜನಕ್ಕೆ ನಂಬಿಕೆ ಬರುತ್ತಾ? ಮಾಹಿತಿ ಅಂತೂ ಉತ್ತರದಲ್ಲೇ ಇದೆ. ‘ಆಗೀಗ ಬಂದು ಹೋಗ್ತಾನೆ’ ಅಂದ್ರೆ ಇರಬಹುದು ಅಂತಲೇ ಅರ್ಥ. ಬೇಕಿದ್ರೆ ಕೆಳಗೆ ‘ಹೆಚ್ಚಿನ ಮಾಹಿತಿಗೆ ಇಲ್ಲಿ ಒತ್ತಿ’ ಅಂತ ಹಾಕೋಣ.”

“ಮದುವೆ ಮನೇಲೂ ಸಾವಿನ ಮನೇಲೂ ಒಂದೇ ಹಾಡು ಹಾಡೋನಿಗೆ ಪಾತ್ರ ಗಟ್ಟಿ ಇದೆ ಅನ್ನಲ್ಲ ಸರ್, ತಲೆ ಕೆಟ್ಟಿದೆ ಅಂತಾರೆ.”

“ನಿಮ್ಮ ಅತ್ತೆಗೆ ಜೋಕ್ ಅರ್ಥ ಆಗಲಿಲ್ಲ, ಅದಕ್ಕೆ ನಾವು—”

“ಜೋಕ್ ಅರ್ಥ ಆಗದೇ ಇರೋದು ಸಾಯೋ ಅಷ್ಟು ದೊಡ್ಡ ತಪ್ಪಾ?”

ಬೆಣ್ಣೆ ಸರ್ ಮೊದಲ ಬಾರಿಗೆ ಗಟ್ಟಿಯಾದ. “ಸೋಮವಾರ ಇಡೀ ಊರಿಗೆ ಕರಗಣ್ಣ ಹೋಗ್ತಾನೆ. ನಿಮ್ಮ ಒಪ್ಪಿಗೆ ಒತ್ತಿ, ಸಾಕು.”

“ಒತ್ತಲ್ಲ.”

“ಬೇರೆಯವರ ಕೈಲಿ ಒತ್ತಿಸ್ತೀನಿ.”

“ಒತ್ತಿಸಿ. ಅಲ್ಲೀವರೆಗೆ ನನ್ನ ಅಧಿಕಾರ ನನ್ನ ಹತ್ರ ಇದೆ.” ಅವಳು ಅವನ ಎದುರಿಗೇ ಲ್ಯಾಪ್‌ಟಾಪ್ ತೆರೆದಳು. ಕರಗಣ್ಣ ಎಲ್ಲಾದರೂ ಎಡವಿದರೆ ಆ ವಿಷಯದ ಪ್ರಶ್ನೆಗಳನ್ನು ಅವನಿಂದ ಕಿತ್ತು ಕಾಲ್ ಸೆಂಟರಿನ ಮನುಷ್ಯರಿಗೆ ತಿರುಗಿಸುವ ವ್ಯವಸ್ಥೆ ಇತ್ತು, ಅದರ ಹೊಣೆ ಅವಳದ್ದೇ. ಪದಾರ್ಥ, ಅಲರ್ಜಿ, ಆರೋಗ್ಯ ಎಲ್ಲವನ್ನೂ ತಿರುಗಿಸಿದಳು. ಆಮೇಲೆ ಕಳ್ಳತನದ ಕೆಲಸ ಆಗಬಾರದೆಂದು, ತಾನು ಏನು ಮಾಡಿದೆ, ಯಾಕೆ ಮಾಡಿದೆ ಎಂದು ಕಂಪನಿಯ ಯಜಮಾನಿಯೂ ಸೇರಿ ಎಲ್ಲರಿಗೂ ಮೇಲ್ ಹಾಕಿದಳು.

ಮಧ್ಯಾಹ್ನದೊಳಗೆ ಕಾಲ್ ಸೆಂಟರಿನ ಮೇಲ್ವಿಚಾರಕಿ ಕೆಂಡ ಕಾರುತ್ತ ಬಂದಳು. “ನಮ್ಮ ಹುಡುಗೀರು ಉಸಿರಾಡೋಕೂ ಆಗ್ತಿಲ್ಲ ಕಣೇ!” ವಿಷಯ ತಿಳಿದ ಮೇಲೆ ಮಾತ್ರ ಕುರ್ಚಿಯಲ್ಲಿ ಕುಸಿದು, “ಇರಲಿ ಬಿಡು. ಇದೆ ಅಂತಲೋ ಇಲ್ಲ ಅಂತಲೋ ಹೇಳೋಕೆ ನಮಗೆ ಬರುತ್ತೆ,” ಎಂದು ಎದ್ದು ಹೋದಳು.

ಸಂಜೆಯ ಹೊತ್ತಿಗೆ ಯಜಮಾನಿಯ ಕರೆ ಬಂತು.

ಯಜಮಾನಿಯನ್ನು ಎಲ್ಲರೂ ಅಮ್ಮ ಎನ್ನುತ್ತಿದ್ದರು. ಒಂದು ಕಾಲಕ್ಕೆ ಕೈಯಿಂದ ಕಡೆಗೋಲು ತಿರುಗಿಸಿ ಐಸ್‌ಕ್ರೀಮ್ ಮಾಡಿ ಬೀದಿಬೀದಿಗೆ ಮಾರಿದವಳು. ಬೆಣ್ಣೆ ಸರ್ ಆಗಲೇ ಅಲ್ಲಿ ಕೂತು ತನ್ನ ಕಡೆಯ ಕತೆ ಹೇಳಿಯಾಗಿತ್ತು. ಮೇಜಿನ ಮೇಲೆ ಮಾದರಿ ಪೋಸ್ಟರ್. ಅದರಲ್ಲಿ ಕರಗಣ್ಣನೂ ಕಡಲೆಕಾಯಿಯೂ ಬೇಲಿಯ ಮೇಲಿಂದ ಇಣುಕುತ್ತಿದ್ದರು, ಕೆಳಗೆ ಅದೇ ಪಕ್ಕದ ಮನೆಯವನ ಸಾಲು.

“ನನ್ನನ್ನ ಕೇಳದೆ ಅಂಗಡಿ ಬಾಗಿಲು ಹಾಕಿದ್ಯಂತೆ?” ಎಂದಳು ಯಜಮಾನಿ.

“ಅರ್ಧ ಬಾಗಿಲು ಅಮ್ಮ. ಹಾವು ಕಂಡ ಕಡೆ ಮಾತ್ರ.”

“ಇದು ಚೆನ್ನಾಗೇ ಇದೆಯಲ್ಲ. ಓದಿ ನನಗೂ ನಗು ಬಂತು.”

“ನಗು ಬರುತ್ತೆ ಅಮ್ಮ. ಅದೇ ಕಷ್ಟ. ನಿಮ್ಮ ಜನರನ್ನೇ ಕರೀರಿ. ಒಬ್ಬೊಬ್ಬರಿಗೇ ಈ ಉತ್ತರ ತೋರಿಸೋಣ. ‘ಕಡಲೆಕಾಯಿ ತಿಂದ್ರೆ ಆಗಲ್ಲ ಅನ್ನೋರು ಇದನ್ನ ತಿನ್ನಬಹುದಾ?’ ಅಂತ ಕೇಳೋಣ. ಎಲ್ಲರೂ ತಿನ್ನಬಾರದು ಅಂದ್ರೆ ನಾನು ಈಗಲೇ ಒಪ್ಪಿಗೆ ಒತ್ತಿ ಮನೆಗೆ ಹೋಗ್ತೀನಿ.”

ಯಜಮಾನಿ ಗಂಟೆ ಒತ್ತಿದಳು. ಮೊದಲು ಅವಳ ಕಾರಿನ ಡ್ರೈವರ್ ಬಂದ. ಓದಿ, “ತಿನ್ನಬಹುದಮ್ಮ. ಮದುವೆ ಆಗಿಲ್ಲ ಅಂತಾನಲ್ಲ,” ಎಂದ. ಲೆಕ್ಕಪತ್ರದ ಹೆಂಗಸು ಎರಡು ಸಲ ಓದಿ, “ಇರಬಹುದು ಅಂತಾನೋ ಏನೋ... ಇದು ಜಾಹೀರಾತಾ?” ಎಂದು ತಿರುಗಿ ಕೇಳಿದಳು. ಶೈತ್ಯಾಗಾರದ ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕ. ಹಾಗಾದರೆ ತಿನ್ನಬಹುದಾ ಎಂದು ಯಜಮಾನಿ ಕೇಳಿದರೆ, “ಏನನ್ನ ಅಮ್ಮ?” ಎಂದ. ಅವನ ನಗು ಪ್ರಶ್ನೆಯನ್ನೇ ನುಂಗಿಬಿಟ್ಟಿತ್ತು.

ಯಜಮಾನಿಯ ತುಟಿಯ ಮೇಲಿನ ನಗು ಆರಿತು.

“ಇವರೆಲ್ಲ ನಮ್ಮ ಆ್ಯಪ್ ಬಳಸೋ ವರ್ಗ ಅಲ್ಲ ಅಮ್ಮ...” ಬೆಣ್ಣೆ ಸರ್ ಬಾಯಿ ಹಾಕಿದ.

“ನಾನು ಐಸ್‌ಕ್ರೀಮ್ ಮಾರಿದ್ದೇ ಇವರಿಗೆ,” ಎಂದು ಯಜಮಾನಿ ಅವನ ಮಾತನ್ನು ಅಲ್ಲಿಗೇ ಕತ್ತರಿಸಿದಳು. ಆದರೆ ಚೇಳಿನತ್ತ ತಿರುಗಿದಾಗ ಅವಳ ದನಿಯಲ್ಲಿ ಮೆಚ್ಚುಗೆಯೇನೂ ಇರಲಿಲ್ಲ. “ಸರಿ, ನಿನ್ನ ಮಾತು ಒಪ್ಪಿದೆ. ಆದ್ರೆ ಅಷ್ಟು ಹೊತ್ತು ಕುಣೀತಿದ್ದ ಕರಗಣ್ಣ ಇದ್ದಕ್ಕಿದ್ದಂತೆ ಕೋರ್ಟಿನ ನೋಟಿಸ್ ಥರ ಮಾತಾಡಿದ್ರೆ ಜನ ಏನಂದುಕೊಳ್ತಾರೆ? ಅವನು ಅವನೇ ಅನ್ನಿಸಬೇಕಲ್ಲ?”

“ಅಮ್ಮ, ನಿಮ್ಮ ಮನೇಲಿ ಯಾವಾಗಲೂ ತಮಾಷೆ ಮಾಡೋರು ಯಾರಾದ್ರೂ ಇದ್ರಾ?”

“ಇದ್ದ. ನನ್ನ ಚಿಕ್ಕಪ್ಪ.”

“ಮನೆಗೆ ಬೆಂಕಿ ಬಿದ್ದಿದ್ರೆ ಅವರು ಏನಂತಿದ್ರು?”

ಯಜಮಾನಿ ಕಿಟಕಿಯಾಚೆ ನೋಡಿದಳು. “ಬಿದ್ದಿತ್ತು ಒಂದ್ಸಲ. ‘ಎದ್ದೇಳ್ರೇ, ಹೊರಗೆ ಓಡಿ’ ಅಂದ.”

“ಆಗ ಅವರು ಬೇರೆಯವರಾದ್ರಾ?”

“ಇಲ್ಲ,” ಎಂದಳು ಯಜಮಾನಿ ನಿಧಾನವಾಗಿ. “ಅವನು ನಗಿಸಲಿಲ್ಲವಲ್ಲ, ಅದಕ್ಕೇ ನಾವು ಓಡಿದ್ವಿ.”

ಚೇಳು ಅಲ್ಲೇ ಒಂದು ಹಾಳೆಯ ಮೇಲೆ ಬರೆದು ಕೊಟ್ಟಳು. ‘ಕಡಲೆಕಾಯಿ ಅಲರ್ಜಿ ಇದ್ದರೆ ಇದನ್ನು ತಿನ್ನಬೇಡಿ. ಕ್ಯಾರಮೆಲ್‌ಗೆ ಕಡಲೆಕಾಯಿ ಹಾಕಿಲ್ಲ. ಆದರೆ ಕಡಲೆಕಾಯಿ ಬಳಸುವ ಯಂತ್ರದಲ್ಲೇ ಇದನ್ನು ಮಾಡುತ್ತೇವೆ, ಹಾಗಾಗಿ ಅದರ ಅಂಶ ಇರಬಹುದು. ಅನುಮಾನವಿದ್ದರೆ ನಮ್ಮವರ ಜೊತೆ ಮಾತಾಡಿ, ಈಗಲೇ ಸಂಪರ್ಕ ಕೊಡುತ್ತೇನೆ.’ ಕರಗಣ್ಣ ಯಾವಾಗಲೂ ಹಾಗೇ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡುತ್ತಿದ್ದ, ಹಾಗೇ ಬಹುವಚನ ಕೊಡುತ್ತಿದ್ದ. ಇಲ್ಲಿ ನಗು ಒಂದು ಇರಲಿಲ್ಲ, ಅಷ್ಟೆ.

“ಇದನ್ನ ಯಂತ್ರದ ಮರ್ಜಿಗೆ ಬಿಡಲ್ಲ ಅಮ್ಮ. ಇಂಥ ಪ್ರಶ್ನೆ ಬಂದ ಕೂಡಲೇ ಅದನ್ನ ಬೇರೆ ದಾರಿಗೆ ಹಾಕ್ತೀವಿ. ಪ್ರತಿ ಐಸ್‌ಕ್ರೀಮಿಗೂ ಹೀಗೆ ಬರೆದಿಟ್ಟ, ತಯಾರಿಕೆಯವರು ನೋಡಿ ಒಪ್ಪಿದ ಮಾತು ಮಾತ್ರ ಹೋಗುತ್ತೆ. ಕರಗಣ್ಣ ಅದರ ಒಂದಕ್ಷರ ಮುಟ್ಟಂಗಿಲ್ಲ. ಗಿರಾಕಿ ತಾನಾಗಿ ಬೇರೆ ವಿಷಯಕ್ಕೆ ಹೋದ ಮೇಲೆ ಮತ್ತೆ ಅವನ ಬಿಸಿಲು ಪುರಾಣ ಶುರು.”

“ಆಯ್ತು. ಹಾಗೇ ಮಾಡು,” ಎಂದಳು ಯಜಮಾನಿ. ಬೆಣ್ಣೆ ಸರ್ ಪೋಸ್ಟರ್ ಸುತ್ತಿ ಎದ್ದ. “ಹಾಗಾದ್ರೆ ಇದನ್ನ ಅಚ್ಚಿಗೆ ಕಳಿಸ್ತೀನಿ ಅಮ್ಮ. ಚಾಟ್‌ನಲ್ಲಿ ಹೇಗೂ ಸರಿ ಆಯ್ತಲ್ಲ.”

“ಪೋಸ್ಟರೂ ಆಗಲ್ಲ,” ಎಂದಳು ಚೇಳು.

“ಬೆರಳು ತೋರಿಸಿದ್ರೆ ಹಸ್ತ ನುಂಗ್ತೀಯಲ್ಲೇ!” ಯಜಮಾನಿ ರೇಗಿದಳು. “ಅಚ್ಚಿನ ಮನೆಗೆ ಮಾತು ಕೊಟ್ಟಾಗಿದೆ.”

“ಚಾಟ್‌ನಲ್ಲಿ ತಿನ್ನಬೇಡಿ ಅಂತೀವಿ, ಗೋಡೆ ಮೇಲೆ ಅದನ್ನೇ ಹೇಳಿ ನಗ್ತೀವಿ. ಜನ ಯಾವ ಕರಗಣ್ಣನ್ನ ನಂಬಬೇಕು? ಬೆಣ್ಣೆ... ಕ್ಷಮಿಸಿ, ಸರ್ ಹೇಳ್ತಾರಲ್ಲ, ಪಾತ್ರ ಒಂದೇ ಥರ ಇರಬೇಕು ಅಂತ. ಇರಲಿ. ಈ ಪೋಸ್ಟರ್ ಹೋದ್ರೆ ನನ್ನ ಹೆಸರು ಕರಗಣ್ಣನ ಕೆಲಸದಿಂದ ತೆಗೆದುಬಿಡಿ. ನಾನು ರೇಡಿಯೊಗೆ ವಾಪಸ್ ಹೋಗ್ತೀನಿ. ಅಲ್ಲಿ ಜೋಕ್ ಕೆಟ್ಟರೆ ಬೈತಾರೆ, ಯಾರೂ ಸಾಯಲ್ಲ.”

ಬಾಯಿ ಜಾರಿ ಹೊರಬಿದ್ದ ಅಡ್ಡಹೆಸರಿಗೆ ಬೆಣ್ಣೆ ಸರ್‌ನ ಕಿವಿ ಕೆಂಪಗಾಯಿತು. ಯಜಮಾನಿ ಇಬ್ಬರನ್ನೂ ನೋಡಿದಳು. ಕೊನೆಗೆ ಪೋಸ್ಟರಿನ ಸುರುಳಿಗೆ ಕೈ ಚಾಚಿ ಇಸಿದುಕೊಂಡು ಮೇಜಿನ ಕೆಳಗಿಟ್ಟಳು. “ಬೇರೆ ಮಾಡಿಸು. ಬಿಸಿಲಿನದ್ದು ಮಾಡಿಸು. ಇಬ್ಬರೂ ಹೋಗಿ ಈಗ, ನನಗೆ ತಲೆನೋವು ಬಂದಿದೆ.”

ಗೆದ್ದೆನೆಂದು ಚೇಳು ಕುಣಿಯುವಂತೇನೂ ಇರಲಿಲ್ಲ. ಅವಳಿಗೆ ಬರಬೇಕಿದ್ದ ಬಡ್ತಿ ಆ ವರ್ಷ ಇನ್ನೊಬ್ಬರ ಪಾಲಾಯಿತು. ಅವಳು ಬರೆಯುವ ಪ್ರತಿ ಸಾಲೂ ತನ್ನ ಕಣ್ಣೆದುರಿಗೆ ಬರಬೇಕೆಂದು ಬೆಣ್ಣೆ ಸರ್ ಆಜ್ಞೆ ಹೊರಡಿಸಿದ. “ಧಾರಾಳವಾಗಿ ನೋಡಿ ಸರ್, ನಿಮ್ಮ ಸಾಲುಗಳನ್ನೂ ನಾನು ನೋಡ್ತೀನಿ,” ಎಂದು ಅವಳೂ ಅದೇ ಆಜ್ಞೆಯ ಕೆಳಗೆ ಒಂದು ಸಾಲು ಸೇರಿಸಿದಳು. ಇನ್ನು ಮುಂದೆ ಇಬ್ಬರ ಸಹಿಯಿಲ್ಲದೆ ಕರಗಣ್ಣನ ಸೂಚನೆಯಲ್ಲಿ ಅಲ್ಪವಿರಾಮವೂ ಬದಲಾಗದಂತೆ ಮೌನಿ ಬೀಗ ಹಾಕಿದ.

ಊರಿಗೆ ಬಿಡುವ ದಿನವನ್ನು ಯಜಮಾನಿ ಮುಂದೂಡಿದಳು. ಮೌನಿಯೂ ಚೇಳೂ ಹಳೆಯ ಸಂಭಾಷಣೆಗಳನ್ನೆಲ್ಲ ಕೆದಕಿ ಕೂತರು. ಜನ ‘ಅಲರ್ಜಿ’ ಎಂಬ ಪದ ಬಳಸಿಯೇ ಕೇಳುತ್ತಾರೆಂಬುದು ಭ್ರಮೆಯೆಂದು ಗೊತ್ತಾಯಿತು. ‘ಮಗಳಿಗೆ ಶೇಂಗಾ ಆಗಿಬರಲ್ಲ’, ‘ತಿಂದ್ರೆ ಮುಖ ಊದುತ್ತೆ’, ‘ಗಂಟಲು ಕೆರೆಯುತ್ತೆ, ಕೊಡ್ಲಾ?’, ಕಾಗುಣಿತ ಕೆಟ್ಟು ‘ಅಲಜ್ರಿ’. ಎಲ್ಲವನ್ನೂ ಹೆಕ್ಕಿ, ಎಲ್ಲವೂ ನೇರ ಉತ್ತರದ ದಾರಿಗೇ ಬೀಳುವ ತನಕ ಪರೀಕ್ಷಿಸಿದರು. ‘ನಿಮ್ಮ ಐಸ್‌ಕ್ರೀಮ್ ನೋಡಿದ್ರೆ ಗಂಟಲು ಒಣಗುತ್ತೆ’ ಎಂದು ಪ್ರೀತಿಯಿಂದ ಬರೆದವರಿಗೂ ಒಮ್ಮೊಮ್ಮೆ ಗಂಭೀರ ಉತ್ತರ ಹೋಗುತ್ತಿತ್ತು.

“ಇಲ್ಲಿ ಬಲೆ ಜಾಸ್ತಿ ಅಗಲ ಆಯ್ತು,” ಎಂದ ಮೌನಿ.

“ಇರಲಿ ಬಿಡು. ಬಲೆ ಅಗಲ ಆದ್ರೆ ಒಂದು ನಗು ಹೋಗುತ್ತೆ. ಕಿರಿದಾದ್ರೆ ಮನುಷ್ಯ ಹೋಗ್ತಾನೆ.”

ಕರಗಣ್ಣ ಕೊನೆಗೂ ಊರಿಗೆ ಹೋದ. ಜನ ಅವನ ಬಿಸಿಲಿನ ಗೋಳು ಕೇಳಿ ನಕ್ಕರು, ಒಬ್ಬರಿಗೊಬ್ಬರು ಕಳಿಸಿಕೊಂಡರು. ನಗಿಸದ ನೇರ ಉತ್ತರಗಳ ಬಗ್ಗೆ ಯಾರೂ ಒಂದಕ್ಷರ ಬರೆಯಲಿಲ್ಲ. ಪಾತ್ರ ಕೆಟ್ಟಿತು ಎಂದು ಒಬ್ಬ ಗಿರಾಕಿಯೂ ದೂರಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಬೆಣ್ಣೆ ಸರ್‌ನಿಂದ ಹೊಸ ಸಾಲೊಂದು ಒಪ್ಪಿಗೆಗೆಂದು ಬಂತು. ಮಧುಮೇಹ ಇರುವವರು ಕೇಳಿದರೆ ಕರಗಣ್ಣ ಹೇಳಬೇಕಾದದ್ದು: ‘ಸಕ್ಕರೆನಾ? ನಾನು ಹುಟ್ಟಾ ಸಿಹಿ, ನನ್ನನ್ನ ಬೈದು ಏನು ಪ್ರಯೋಜನ!’

ಚೇಳು ಅದನ್ನು ಓದಿ ಎದ್ದಳು. ಗಾಜಿನ ಕೋಣೆಯ ಬಾಗಿಲು ತಟ್ಟದೆ ಒಳಗೆ ಹೋಗಿ, ಅವನೆದುರಿನ ಕುರ್ಚಿಯನ್ನು ಸದ್ದಾಗುವಂತೆ ಎಳೆದುಕೊಂಡು ಕೂತಳು.

“ಹೇಳಿ ಸರ್,” ಎಂದಳು. “ಇದರಲ್ಲಿ ಸಕ್ಕರೆ ಎಷ್ಟಿದೆ?”